ಕೋಸಿನ ರಸ ಸರಿ, ಬಣ್ಣದ ಪಟ್ಟಿ ಯಾರದು?

ಯಾವುದೇ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಹೋಗಿ, ಒಂದು ಟೇಬಲ್ ಇದ್ದೇ ಇರುತ್ತದೆ. ಏಳೆಂಟು ಗಾಜಿನ ಲೋಟ, ನಿಂಬೆರಸದಲ್ಲಿ ಕೆಂಪು, ಸೋಡಾದಲ್ಲಿ ನೀಲಿ, ಸುಣ್ಣದ ನೀರಲ್ಲಿ ಹಸಿರು. ಹಿಂದೆ ಥರ್ಮೋಕೋಲ್ ಮೇಲೆ ಅಂಟಿಸಿದ ಒಂದು ಕಲರ್ ಪ್ರಿಂಟ್: ಒಂದರಿಂದ ಹದಿನಾಲ್ಕರವರೆಗೆ ಹದಿನಾಲ್ಕು ಚೌಕ, ಹದಿನಾಲ್ಕು ಬಣ್ಣ. ಮಕ್ಕಳು ಲೋಟ ಎತ್ತಿ ಪ್ರಿಂಟ್ ಪಕ್ಕ ಹಿಡಿದು "ಇದು ಎಂಟು", "ಇದು ಒಂಬತ್ತು" ಅಂತ ಹೇಳ್ತಾರೆ. ಬಂದವರು ಚಪ್ಪಾಳೆ ತಟ್ಟಿ ಮುಂದಿನ ಟೇಬಲ್‌ಗೆ ಹೋಗ್ತಾರೆ.

ನಮ್ಮ ಅಭಿಪ್ರಾಯ ಇಷ್ಟೇ. ಕೆಂಪು ಕೋಸಿನ ರಸ ಒಳ್ಳೆಯ ಸೂಚಕ, ಅದರಲ್ಲಿ ನಮಗೆ ತಕರಾರಿಲ್ಲ. ತಕರಾರು ಆ ಪ್ರಿಂಟ್ ಮೇಲೆ. ಇಂಟರ್ನೆಟ್ಟಿಂದ ಇಳಿಸಿದ ಪಟ್ಟಿಯನ್ನು ಬಿಸಾಕಿ, ಪ್ರತಿ ಸಲ ಪಟ್ಟಿಯನ್ನು ನಾವೇ ತಯಾರಿಸಬೇಕು. ಅದು ಎಲ್ಲಿ ಕೆಲಸ ಮಾಡಲ್ಲ ಅನ್ನೋದನ್ನೂ ಅದೇ ಟೇಬಲ್ ಮೇಲೆ ಬರೆದಿಡಬೇಕು. ನಮ್ಮಲ್ಲಿ ಇಬ್ಬರ ಮನೆ ಹೊಸನಗರ ತಾಲ್ಲೂಕಲ್ಲಿ, ಅಡಿಕೆ ತೋಟದ ನಡುವೆ. ಅಲ್ಲಿ ಆಮ್ಲ–ಕ್ಷಾರದ ಪರೀಕ್ಷೆ ಅಂದರೆ ಪ್ರದರ್ಶನದ ಆಟ ಅಲ್ಲ, ಮಳೆಗಾಲದ ಮೊದಲು ಪ್ರತಿ ಮನೆಯಲ್ಲೂ ನಡೆಯೋ ಕೆಲಸ. ಅಲ್ಲಿಗೆ ಈ ಪಟ್ಟಿಯನ್ನು ಒಯ್ದರೆ ಏನಾಗುತ್ತದೆ ಅಂತ ನೋಡೋಣ.

ಮೊದಲು ಬಣ್ಣದ ವಿಷಯ. ಕೆಂಪು ಕೋಸಿನ ಬಣ್ಣ ಆಂಥೋಸಯನಿನ್ ಅನ್ನೋ ಗುಂಪಿನ ಅಣುಗಳದ್ದು. ಒಂದೇ ಅಣು ದ್ರಾವಣದ ಆಮ್ಲತೆಗೆ ತಕ್ಕಂತೆ ಬೇರೆ ಬೇರೆ ರೂಪ ತಾಳುತ್ತದೆ. ಗಟ್ಟಿ ಆಮ್ಲದಲ್ಲಿ ಧನ ವಿದ್ಯುದಂಶದ ಕೆಂಪು ರೂಪ. ಆಮ್ಲ ಕಡಿಮೆಯಾಗುತ್ತಾ ಹೋದಂತೆ ಅದು ಒಂದೊಂದಾಗಿ ಪ್ರೋಟಾನ್ ಕಳ್ಕೊಂಡು ನೇರಳೆ, ಆಮೇಲೆ ನೀಲಿ. ತುಂಬಾ ಕ್ಷಾರ ಆದಾಗ ಅಣುವಿನ ಒಂದು ಉಂಗುರವೇ ಬಿಚ್ಚಿಕೊಂಡು ಹಳದಿ ರೂಪ ಬರುತ್ತದೆ. ಹಾಗಾದರೆ ಹಸಿರು? ಹಸಿರು ಅಂತ ಬೇರೆ ರೂಪ ಇಲ್ಲ. ನೀಲಿ ಇನ್ನೂ ಸ್ವಲ್ಪ ಉಳಿದು ಹಳದಿ ಸ್ವಲ್ಪ ಸೇರಿದಾಗ ನಮ್ಮ ಕಣ್ಣಿಗೆ ಹಸಿರು ಕಾಣ್ತದೆ, ಅಷ್ಟೇ.

ಇದರಲ್ಲೇ ಪ್ರಿಂಟಿನ ಮೊದಲ ತೊಂದರೆ ಇದೆ. ಕಣ್ಣಿಗೆ ಕಾಣೋದು ಎರಡು ಮೂರು ರೂಪಗಳ ಮಿಶ್ರಣ. ಆ ಮಿಶ್ರಣ ಎಷ್ಟು ಗಾಢವಾಗಿ ಕಾಣ್ತದೆ ಅನ್ನೋದು ರಸ ಎಷ್ಟು ದಪ್ಪ, ಲೋಟ ಎಷ್ಟು ಅಗಲ, ಹಿಂದೆ ಬಿಳಿ ಗೋಡೆಯೋ ಹಸಿರು ತೋಟವೋ, ಮೇಲೆ ಟ್ಯೂಬ್‌ಲೈಟೋ ಮೋಡದ ಬೆಳಕೋ ಅನ್ನೋದನ್ನೆಲ್ಲ ಅವಲಂಬಿಸಿದೆ. ತೆಳು ರಸದಲ್ಲಿ ನೇರಳೆ ಬಣ್ಣ ಗುಲಾಬಿ ಥರ ಕಾಣ್ತದೆ. ದಪ್ಪ ರಸದಲ್ಲಿ ನೀಲಿ ಕಪ್ಪಗೆ ಕಾಣ್ತದೆ. ಪ್ರಿಂಟ್ ಮಾಡಿದವರ ಕೋಸು ಬೇರೆ, ಅವರ ಕ್ಯಾಮರಾ ಬೇರೆ, ನಮ್ಮ ಜೆರಾಕ್ಸ್ ಅಂಗಡಿಯ ಇಂಕು ಬೇರೆ. ಮೂರು ಕೈ ದಾಟಿ ಬಂದ ಬಣ್ಣವನ್ನು ನಮ್ಮ ಲೋಟಕ್ಕೆ ಹೋಲಿಸಿ "ಎಂಟು ಪಾಯಿಂಟ್ ಐದು" ಅನ್ನೋದು ಅಳತೆ ಅಲ್ಲ, ಊಹೆ.

ಎರಡನೇ ತೊಂದರೆ ಸಮಯದ್ದು. ಎಲೆ ಅಡಿಕೆಗೆ ಹಚ್ಚೋ ಸುಣ್ಣವನ್ನು ನೀರಲ್ಲಿ ಕಲಕಿ ಬಿಟ್ಟು, ಮೇಲಿನ ತಿಳಿ ನೀರಿಗೆ ರಸ ಹಾಕಿ ನೋಡಿ. ಹಾಕಿದ ತಕ್ಷಣ ಗಿಳಿ ಹಸಿರು. ಹಾಗೇ ಬಿಟ್ಟರೆ ನಿಧಾನವಾಗಿ ಹಳದಿ ಕಡೆ ಜಾರುತ್ತದೆ. ಸುಣ್ಣದ ನೀರಿನ ಪಿಎಚ್ ಅಷ್ಟರಲ್ಲಿ ಏರಿಲ್ಲ, ಉಂಗುರ ಬಿಚ್ಚಿಕೊಳ್ಳೋ ಕ್ರಿಯೆ ಮುಂದುವರಿದಿದೆ ಅಷ್ಟೇ. ಪ್ರಿಂಟ್ ನೋಡಿದವರು "ಮೊದಲು ಹನ್ನೆರಡು ಇತ್ತು, ಈಗ ಹದಿನಾಲ್ಕಾಯ್ತು" ಅಂತ ಬರ್ಕೋತಾರೆ. ಹಳದಿಯಾದ ಆ ಲೋಟಕ್ಕೆ ವಿನೆಗರ್ ಸುರಿದು ನೋಡಿದರೆ ಮೊದಲಿನ ಚಂದದ ಕೆಂಪು ಪೂರ್ತಿ ವಾಪಸ್ ಬರಲ್ಲ. ಬಣ್ಣದ ಅಣುಗಳಲ್ಲಿ ಒಂದಷ್ಟು ಹಾಳಾಗಿವೆ ಅಂತ ಅದರಿಂದ ಗೊತ್ತಾಗುತ್ತದೆ. ಅದಕ್ಕೇ ಓದೋ ಸಮಯ ಮೊದಲೇ ನಿಗದಿ ಮಾಡ್ಕೋಬೇಕು: ರಸ ಹಾಕಿ, ಕಲಕಿ, ಒಂದು ನಿಮಿಷಕ್ಕೆ ಓದು. ಎಲ್ಲ ಲೋಟಕ್ಕೂ ಅದೇ ಒಂದು ನಿಮಿಷ.

ಹಾಗಾದರೆ ಸ್ವಂತ ಪಟ್ಟಿ ಮಾಡೋದು ಹೇಗೆ? ಪಿಎಚ್ ಮೀಟರ್ ಇಲ್ಲದ ಮನೆಯಲ್ಲೂ ಮಾಡಬಹುದು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ ಬಫರ್ ಪಾಠ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರ್ತದೆ.

ರಸಕ್ಕೆ ನೂರು ಗ್ರಾಂ ಕೆಂಪು ಕೋಸನ್ನು ಸಣ್ಣಗೆ ಹೆಚ್ಚಿ, ಕಾಲು ಲೀಟರ್ ಕುದಿಯೋ ನೀರಲ್ಲಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ನೀರು ಬಾವಿಯದ್ದಾದರೂ ಸರಿ, ಇಡೀ ಪ್ರಯೋಗಕ್ಕೆ ಒಂದೇ ರಸ ಆಗಬೇಕು ಅಷ್ಟೇ. ಫ್ರಿಜ್ಜಲ್ಲಿ ಎರಡು ಮೂರು ದಿನ ಇರ್ತದೆ. ಹುಳಿಯಾಗೋಕೆ ಶುರುವಾದರೆ ರಸ ತಾನೇ ಗುಲಾಬಿ ಕಡೆ ತಿರುಗುತ್ತದೆ, ವಾಸನೆಯೂ ಬರ್ತದೆ. ಆಗ ಚೆಲ್ಲಿಬಿಡಿ.

ಈಗ ಗೊತ್ತಿರೋ ಲೋಟಗಳು. ಮೊದಲನೆಯದು ಬರೀ ವಿನೆಗರ್, ಪಿಎಚ್ ಎರಡೂವರೆ ಹತ್ತಿರ. ಎರಡನೆಯದಕ್ಕೆ ವಿನೆಗರನ್ನು ಎರಡು ಸಮಪಾಲು ಮಾಡಿ. ಒಂದು ಪಾಲಿಗೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕ್ತಾ ಹೋಗಿ, ನೊರೆ ನಿಂತ ಕೂಡಲೇ ನಿಲ್ಲಿಸಿ. ಅದನ್ನು ಸ್ವಲ್ಪ ಬಿಸಿ ಮಾಡಿ ಗ್ಯಾಸ್ ಹೋಗಿಸಿ, ಆರಿದ ಮೇಲೆ ಇನ್ನೊಂದು ಪಾಲಿಗೆ ಸುರಿಯಿರಿ. ಅರ್ಧ ಆಮ್ಲ, ಅರ್ಧ ಅದರ ಲವಣ. ಅಂದರೆ ಪಿಎಚ್ ಹೆಚ್ಚುಕಡಿಮೆ ಅಸಿಟಿಕ್ ಆಮ್ಲದ ಪಿಕೆಎಗೆ ಸಮ, 4.7ರ ಆಸುಪಾಸು. ಮೂರನೆಯದು ಅಡುಗೆ ಸೋಡಾವನ್ನು ತಣ್ಣೀರಲ್ಲಿ ಆಗತಾನೇ ಕರಗಿಸಿದ್ದು, 8.3 ಹತ್ತಿರ.

ನಾಲ್ಕನೆಯದು ನಮಗೆ ತುಂಬಾ ಇಷ್ಟವಾದದ್ದು. ಮೂರು ಚಮಚ ಅಡುಗೆ ಸೋಡಾ ತಗೊಳ್ಳಿ. ಎರಡು ಚಮಚವನ್ನು ಸ್ಟೀಲ್ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕೈಯಾಡಿಸ್ತಾ ಇಪ್ಪತ್ತು ನಿಮಿಷ ಹುರಿಯಿರಿ (ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರಕ್ಕೆ ತಿಂದು ಹೋಗ್ತದೆ). ಪುಡಿ ಕುದಿಯೋ ಹಾಗೆ ಅಲುಗಾಡಿ, ಆಮೇಲೆ ಸುಮ್ಮನಾಗುತ್ತದೆ. ನೀರಾವಿಯೂ ಕಾರ್ಬನ್ ಡೈ ಆಕ್ಸೈಡೂ ಹೋಗಿ ಉಳಿದದ್ದು ವಾಷಿಂಗ್ ಸೋಡಾ:

```
2 NaHCO3 → Na2CO3 + H2O + CO2
```

ಸಮೀಕರಣ ನೋಡಿ: ಎರಡು ಅಣು ಅಡುಗೆ ಸೋಡಾದಿಂದ ಒಂದು ಅಣು ವಾಷಿಂಗ್ ಸೋಡಾ. ಹುರಿದ ಎರಡು ಚಮಚವನ್ನು ಪೂರ್ತಿಯಾಗಿ, ಹುರಿಯದ ಒಂದು ಚಮಚದ ಜೊತೆ ಅರ್ಧ ಲೀಟರ್ ನೀರಲ್ಲಿ ಕರಗಿಸಿದರೆ ಎರಡೂ ಸಮ ಮೋಲ್. ತಕ್ಕಡಿ ಬೇಡ, ಒಂದೇ ಚಮಚ ಸಾಕು. ಇದರ ಪಿಎಚ್ ಹತ್ತರ ಹತ್ತಿರ. ಐದನೆಯದು ಸುಣ್ಣದ ತಿಳಿ ನೀರು, 12.4. ಇದು ಗಾಳಿಗೆ ಬಿಟ್ಟರೆ ಮೇಲೆ ಬಿಳಿ ಕೆನೆ ಕಟ್ಟಿ ಶಕ್ತಿ ಕಳ್ಕೊಳ್ಳುತ್ತದೆ, ಆದ್ದರಿಂದ ಮುಚ್ಚಿದ ಬಾಟಲಿಯಲ್ಲಿ ಇಡಬೇಕು, ಕಣ್ಣಿಗೆ ಸಿಡಿಯದ ಹಾಗೆ ನೋಡ್ಕೋಬೇಕು. ನಡುವಿನ ಏಳಕ್ಕೆ ಅಡುಗೆಮನೆಯಲ್ಲಿ ನಂಬಿಕಸ್ಥ ವಸ್ತು ಇಲ್ಲ. ಲ್ಯಾಬಲ್ಲಿ ಮೀಟರ್ ಸರಿ ಮಾಡೋಕೆ ಇಟ್ಟಿರೋ 7ರ ಬಫರ್ ಮಾತ್ರೆ ಒಂದನ್ನು ನೂರು ಮಿಲಿ ಡಿಸ್ಟಿಲ್ಡ್ ನೀರಲ್ಲಿ ಕರಗಿಸಿಕೊಂಡರೆ ಆಯ್ತು.

ಒಟ್ಟು ಆರು ಲೋಟ. ಪ್ರತಿಯೊಂದಕ್ಕೂ ಹತ್ತು ಮಿಲಿ ದ್ರಾವಣ, ಎರಡು ಮಿಲಿ ರಸ. ಹಿಂದೆ ಬಿಳಿ ಹಾಳೆ. ನಾವು ಮಾಡಿದಾಗ ಕ್ರಮವಾಗಿ ಬಂದದ್ದು: ಮುರುಗಲು ಶರಬತ್ತಿನ ಕೆಂಪು, ನಸು ನೇರಳೆ ಸೇರಿದ ಗುಲಾಬಿ, ಬದನೆಕಾಯಿ ನೇರಳೆ–ನೀಲಿ, ನೀಲಿ, ನವಿಲು ಬಣ್ಣ, ಗಿಳಿ ಹಸಿರು. ಇದೇ ಪಟ್ಟಿ. ಪರೀಕ್ಷೆಯ ಲೋಟವನ್ನು ಈ ಆರರ ನಡುವೆ ಇಟ್ಟು "ಇದು ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮಧ್ಯ" ಅಂತ ಹೇಳೋದು ಪ್ರಾಮಾಣಿಕ ಉತ್ತರ. ಮೊಬೈಲಲ್ಲಿ ಫೋಟೋ ತೆಗೆದು ಬಣ್ಣದ ನಂಬರ್ ಓದಬೇಕು ಅನ್ನೋ ನಮ್ಮ ಸಿಎಸ್ ಗೆಳೆಯರಿಗೂ ಇದೇ ಮಾತು: ಆರೂ ಲೋಟ, ಪರೀಕ್ಷೆಯ ಲೋಟ ಎಲ್ಲವೂ ಒಂದೇ ಫ್ರೇಮಲ್ಲಿ ಇರಲಿ. ಬೇರೆ ಬೇರೆ ಫೋಟೋ ತೆಗೆದರೆ ಕ್ಯಾಮರಾ ಪ್ರತಿ ಸಲ ಬೆಳಕನ್ನು ತನ್ನಿಷ್ಟಕ್ಕೆ ಸರಿಪಡಿಸಿಕೊಂಡು ಬಣ್ಣ ಬದಲಿಸಿಬಿಡುತ್ತದೆ.

ಪಟ್ಟಿ ಸಿದ್ಧ ಆಯ್ತು ಅಂತ ಹೊಸನಗರದ ಬಾವಿ ನೀರನ್ನು ಹಾಕಿದರೆ ಮೂರನೇ ತೊಂದರೆ ಎದುರಾಗುತ್ತದೆ. ಇದು ಪ್ರದರ್ಶನದ ಟೇಬಲಲ್ಲಿ ಯಾರೂ ಹೇಳಲ್ಲ.

ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು ನೀರು, ಅದರಲ್ಲಿ ಕರಗಿದ ಲವಣ ಕಮ್ಮಿ. ರಸ ಹಾಕಿದರೆ ನೇರಳೆ ಬರ್ತದೆ, ಪಟ್ಟಿ ನೋಡಿ "ಆರೂವರೆ" ಅಂತೀವಿ. ಆದರೆ ಡಿಸ್ಟಿಲ್ಡ್ ನೀರಿಗೆ ಹಾಕಿದರೂ ಅದೇ ನೇರಳೆ. ಮಳೆ ನೀರಿಗೆ ಹಾಕಿದರೂ ಹೆಚ್ಚುಕಡಿಮೆ ಅದೇ. ಯಾಕೆ? ಏನೂ ಕರಗಿಲ್ಲದ, ಪಿಎಚ್ ಆರು ಇರೋ ನೀರು ಅಂತ ಇಟ್ಕೊಳ್ಳಿ. ಹತ್ತು ಮಿಲಿಯಲ್ಲಿ ಇರೋ ಹೈಡ್ರೋಜನ್ ಅಯಾನ್ ಒಂದು ಮೋಲಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಒಂದೇ ಒಂದು ಹನಿ ವಿನೆಗರಲ್ಲಿ ಇರೋ ಆಮ್ಲ ಅದರ ಸುಮಾರು ನಾಲ್ಕು ಸಾವಿರ ಪಟ್ಟು. ಕೋಸಿನ ರಸ ವಿನೆಗರ್ ಅಲ್ಲ ನಿಜ, ಆದರೆ ಅದರಲ್ಲೂ ಸೊಪ್ಪಿನ ಸ್ವಂತ ಆಮ್ಲಗಳಿವೆ. ಎರಡು ಮಿಲಿ ಹಾಕಿದ ಕೂಡಲೇ ನೀರಿನ ಪಿಎಚ್ ಹೋಗಿ ರಸದ ಪಿಎಚ್ ಬಂದಿರುತ್ತದೆ. ಅಂದರೆ ಸೂಚಕ ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡ್ಕೊಂಡು ನಮಗೆ ವರದಿ ಕೊಡ್ತಿದೆ.

ಇದನ್ನು ಪತ್ತೆ ಮಾಡೋದು ಸುಲಭ. ಇನ್ನೊಂದು ಲೋಟದಲ್ಲಿ ಅದೇ ನೀರಿಗೆ ಎರಡರ ಬದಲು ನಾಲ್ಕು ಮಿಲಿ ರಸ ಹಾಕಿ. ಬಣ್ಣ ಬರೀ ಗಾಢವಾದರೆ, ನೀಲಿ ನೀಲಿಯಾಗೇ ಉಳಿದರೆ, ಓದಿದ್ದನ್ನು ನಂಬಬಹುದು. ಬಣ್ಣವೇ ಜಾರಿ ರಸದ ಸ್ವಂತ ನೇರಳೆ ಕಡೆಗೆ ಹೋದರೆ ಆ ನೀರಿಗೆ ರಸವನ್ನು ತಡೆಯೋ ಶಕ್ತಿ ಇಲ್ಲ, ಓದಿದ್ದು ಲೆಕ್ಕಕ್ಕಿಲ್ಲ. ಅಡುಗೆ ಸೋಡಾದ ಲೋಟ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬೈಕಾರ್ಬನೇಟ್ ಜಾಸ್ತಿ ಇರೋ ಗಡಸು ಬೋರ್‌ವೆಲ್ ನೀರೂ ಸಾಮಾನ್ಯವಾಗಿ ನೀಲಿ ಉಳಿಸಿಕೊಳ್ಳುತ್ತದೆ. ಮಲೆನಾಡಿನ ಬಾವಿ ನೀರು ಮೊದಲಿನಿಂದಲೇ ನೇರಳೆ, ಅದರ ಬಗ್ಗೆ ಹೇಳಬಹುದಾದ್ದು ಒಂದೇ: "ಇದರಲ್ಲಿ ಗಟ್ಟಿ ಆಮ್ಲವೂ ಇಲ್ಲ, ಗಟ್ಟಿ ಕ್ಷಾರವೂ ಇಲ್ಲ." ಪಾಯಿಂಟ್ ಹಾಕಿ ನಂಬರ್ ಹೇಳೋ ಹಕ್ಕು ನಮಗಿಲ್ಲ.

ಈಗ ತೋಟಕ್ಕೆ ಬರೋಣ, ನಿಜವಾದ ಪರೀಕ್ಷೆ ಅಲ್ಲಿದೆ.

ಅಡಿಕೆಯ ಕೊಳೆರೋಗ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ: ಮಳೆಗಾಲದಲ್ಲಿ ಎಳೆ ಕಾಯಿ ಕೊಳೆತು ಉದುರೋ ರೋಗ. ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಲ್ಲೂ ಅದರ ಹೆಸರು ಕೊಳೆರೋಗ ಅಂತಲೇ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದರು. ಅದಕ್ಕೆ ಒಂದು ವರ್ಷ ಮುಂಚೆ, 1909ರಲ್ಲಿ, ಡೆನ್ಮಾರ್ಕಿನ ಸೋರೆನ್ಸನ್ ಪಿಎಚ್ ಅನ್ನೋ ಅಳತೆಯನ್ನೇ ಮೊದಲ ಸಲ ಮುಂದಿಟ್ಟಿದ್ದು. ಕೊಳೆಗೆ ಇವತ್ತಿಗೂ ಹೊಡೆಯೋ ಔಷಧಿ ಬೋರ್ಡೋ ದ್ರಾವಣ, ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟದಿಂದ ಬಂದದ್ದು.

ಶೇಕಡಾ ಒಂದರ ಬೋರ್ಡೋಗೆ ಲೆಕ್ಕ ಹೀಗೆ: ಒಂದು ಕೆಜಿ ಮೈಲುತುತ್ತವನ್ನು ಐವತ್ತು ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕ್ತಾ ಸುರಿಯಬೇಕು. ಮೈಲುತುತ್ತದ ದ್ರಾವಣ ಆಮ್ಲ, ಸುಣ್ಣ ಕ್ಷಾರ. ಎರಡೂ ಸರಿಯಾಗಿ ಕೂಡಿದರೆ ತಾಮ್ರ ನೀಲಿ ಗಸಿಯಾಗಿ ನಿಂತು ಕಾಯಿಗೆ ಅಂಟಿಕೊಳ್ಳುತ್ತದೆ. ಸುಣ್ಣ ಹಳೆಯದಾಗಿ ಶಕ್ತಿ ಕಳ್ಕೊಂಡಿದ್ದರೆ ತಾಮ್ರದ ಒಂದು ಪಾಲು ಕರಗಿದ ರೂಪದಲ್ಲೇ ಉಳಿದು ಎಳೆ ಕಾಯಿಯನ್ನೂ ಹಿಂಗಾರವನ್ನೂ ಸುಡುತ್ತದೆ. ಒಂದು ಕೆಜಿಗೆ ಒಂದು ಕೆಜಿ ಅನ್ನೋದು ಸುಣ್ಣ ಚೆನ್ನಾಗಿದ್ದರೆ ಮಾತ್ರ. ಆದ್ದರಿಂದ ಹೊಡೆಯೋ ಮುಂಚೆ ಆಮ್ಲ ಉಳಿದಿದೆಯಾ ಅಂತ ನೋಡಲೇಬೇಕು. ಸೂಚಕ ಬೇಕಾಗೋದು ಇಲ್ಲಿ.

ಕೋಸಿನ ರಸ ಇಲ್ಲಿ ಪೂರ್ತಿ ಕೈಕೊಡುತ್ತದೆ, ಕಾರಣ ಎರಡು. ದ್ರಾವಣ ತಾನೇ ಆಕಾಶ ನೀಲಿ. ನೀಲಿಯೊಳಗೆ ನೇರಳೆ ಹಾಕಿ ಯಾವ ಪಟ್ಟಿಗೆ ಹೋಲಿಸೋದು? ಇದು ಕಣ್ಣಿಗೆ ಕಾಣೋ ಕಾರಣ. ಕಾಣದ ಕಾರಣ ಇನ್ನೊಂದಿದೆ. ಕೋಸಿನ ಬಣ್ಣದ ಅಣು ತಾಮ್ರ, ಕಬ್ಬಿಣ, ಅಲ್ಯೂಮಿನಿಯಂನಂಥ ಲೋಹದ ಅಯಾನುಗಳನ್ನು ಹಿಡ್ಕೊಳ್ಳುತ್ತದೆ, ಹಿಡ್ಕೊಂಡಾಗ ಬಣ್ಣ ನೀಲಿ ಕಡೆ ಜಾರುತ್ತದೆ. ಆಮ್ಲವಾಗಿದ್ದರೂ ನೀಲಿ ಕಡೆ! ಅಂಗಡಿಯಲ್ಲಿ ಸಿಗೋ ಪಟಿಕವನ್ನು ನೀರಲ್ಲಿ ಕರಗಿಸಿ ಲಿಟ್ಮಸ್ ಹಾಳೆ ಅದ್ದಿದರೆ ಕೆಂಪು, ಅದು ಆಮ್ಲ. ಅದಕ್ಕೇ ಕೋಸಿನ ರಸ ಹಾಕಿದರೆ ಅಷ್ಟೇ ಆಮ್ಲತೆಯ ವಿನೆಗರಿನ ಕೆಂಪು ಬರಲ್ಲ, ನೇರಳೆ ಕಡೆ ಜಾರಿದ ಬಣ್ಣ ಬರ್ತದೆ. ಪಟ್ಟಿ ನಂಬಿದವರು ಅದನ್ನು ಹೆಚ್ಚುಕಡಿಮೆ ತಟಸ್ಥ ಅಂತ ಓದ್ತಾರೆ. ಬೋರ್ಡೋ ಡ್ರಮ್ಮಿನಲ್ಲಿ ಈ ಥರ ಓದಿದರೆ "ಸುಣ್ಣ ಸಾಕು" ಅಂತ ನಿಲ್ಲಿಸಿ, ಸುಡೋ ಔಷಧಿಯನ್ನೇ ಮರದ ತುದಿಗೆ ಕಳಿಸಿದ ಹಾಗೆ.

ತೋಟದವರ ಪರೀಕ್ಷೆ ಬೇರೆ. ನಮ್ಮ ಗೆಳೆಯನ ದೊಡ್ಡಪ್ಪ ಡ್ರಮ್ಮಿನ ಪಕ್ಕ ನಿಂತು ಹೇಳೋದು ಒಂದೇ ಮಾತು: "ಕತ್ತಿ ಅದ್ದಿ ನೋಡು ಮಾರಾಯ, ಕೆಂಪಾಯ್ತು ಅಂದ್ರೆ ಇನ್ನೊಂದಿಷ್ಟು ಸುಣ್ಣ ಬಿಡು." ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಪದರ ಕೂತಿದ್ದರೆ ಕರಗಿದ ತಾಮ್ರ ಇನ್ನೂ ಇದೆ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ. ನಾವು ಎಲೆಕ್ಟ್ರೋಕೆಮಿಸ್ಟ್ರಿ ಯೂನಿಟ್ಟಲ್ಲಿ ಓದಿದ್ದು ಇದೇ. ಕಬ್ಬಿಣದ ಡ್ರಮ್ಮಲ್ಲಿ ಬೋರ್ಡೋ ಕಲಸಬಾರದು ಅನ್ನೋದಕ್ಕೂ ಇದೇ ಕಾರಣ. ಗಮನಿಸಿ, ಕತ್ತಿ ಪಿಎಚ್ ಹೇಳೋದೇ ಇಲ್ಲ. ಕಾಯಿಯನ್ನು ಸುಡೋದು ಯಾವುದೋ ಅದನ್ನೇ ನೇರವಾಗಿ ಕೇಳ್ತದೆ, ಇದೆಯಾ ಇಲ್ಲವಾ ಅಂತ. ಲಿಟ್ಮಸ್ ಹಾಳೆಯೂ ಇಲ್ಲಿ ನಡೆಯುತ್ತದೆ, ನೀಲಿ ಲಿಟ್ಮಸ್ ಕೆಂಪಾದರೆ ಸುಣ್ಣ ಸಾಲದು.

ನಮ್ಮ ಮನೆಗಳಲ್ಲಿ ಇಂಥ "ಹೌದು–ಇಲ್ಲ" ಸೂಚಕ ಇನ್ನೊಂದಿದೆ, ಯಾರೂ ಅದನ್ನು ಕೆಮಿಸ್ಟ್ರಿ ಅನ್ನಲ್ಲ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡ್ತೀವಲ್ಲ, ಅದು. ಅರಿಶಿನ ಪಿಎಚ್ ಎಂಟು ದಾಟಿದ ಮೇಲೆ ಹಳದಿಯಿಂದ ಕೆಂಪಾಗುತ್ತದೆ, ಅದಕ್ಕಿಂತ ಕೆಳಗೆ ಎಲ್ಲವೂ ಹಳದಿ. ಹದಿನಾಲ್ಕು ಚೌಕದ ಆಸೆ ಅದು ತೋರಿಸಲ್ಲ, ಆದರೆ ಹೇಳಿದ ಒಂದು ಮಾತನ್ನು ಗಟ್ಟಿಯಾಗಿ ಹೇಳ್ತದೆ. ಕೋಸಿನ ಲೋಟ ನೀಲಿಯೋ ನೇರಳೆಯೋ ಅಂತ ಜಗಳ ಬಂದಾಗ ಪಕ್ಕದಲ್ಲಿ ಅರಿಶಿನದ ಒಂದು ಲೋಟ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಕೊನೆಯದು ಮಣ್ಣು. "ಕೋಸಿನ ರಸದಿಂದ ನಿಮ್ಮ ತೋಟದ ಮಣ್ಣು ಪರೀಕ್ಷಿಸಿ" ಅಂತ ಹೇಳೋ ವಿಡಿಯೋ ನೀವೂ ನೋಡಿರ್ತೀರಿ. ಹೊಸನಗರದ ಕಡೆ ಮಳೆ ಎಂಥದ್ದು ಅಂದರೆ ಹುಲಿಕಲ್ ಘಾಟಿಯ ಹೆಸರು ಪ್ರತಿ ವರ್ಷ ಪೇಪರಲ್ಲಿ ಬರ್ತದೆ. ಆ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳ್ಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚಿರೋ ಕೆಂಪು ಮಣ್ಣನ್ನು ಉಳಿಸುತ್ತದೆ. ಅಂಥ ಮಣ್ಣು ಆಮ್ಲ. ಅದಕ್ಕೇ ತೋಟಕ್ಕೆ ಸುಣ್ಣ ಹಾಕ್ತಾರೆ. ಪ್ರಶ್ನೆ ಆಮ್ಲವಾ ಅಲ್ಲವಾ ಅನ್ನೋದಲ್ಲ, ಎಷ್ಟು, ಮತ್ತು ಎಷ್ಟು ಸುಣ್ಣ ಅನ್ನೋದು.

ಲ್ಯಾಬಿನ ಹಾಗೆಯೇ ಹತ್ತು ಗ್ರಾಂ ಮಣ್ಣಿಗೆ ಇಪ್ಪತ್ತೈದು ಮಿಲಿ ನೀರು ಹಾಕಿ ಕಲಕಿ, ತಿಳಿಯಾದ ಮೇಲೆ ರಸ ಹಾಕಿದೆವು ಅಂತಿಟ್ಕೊಳ್ಳಿ. ನಮ್ಮ ಆರು ಲೋಟದಲ್ಲಿ 4.7ಕ್ಕೂ 7ಕ್ಕೂ ನಡುವೆ ಇರೋದು ಗುಲಾಬಿ–ನೇರಳೆಯಿಂದ ನೇರಳೆಗೆ ಹೋಗೋ ನಿಧಾನದ ಬದಲಾವಣೆ. ಮೂರು ಜನಕ್ಕೆ ತೋರಿಸಿದರೆ ಮೂರು ಉತ್ತರ. ತೋಟದವರಿಗೆ ವ್ಯತ್ಯಾಸ ಗೊತ್ತಾಗಬೇಕಾದ್ದು ಸರಿಯಾಗಿ ಅದೇ ಜಾಗದಲ್ಲಿ, ಐದೋ ಆರೋ ಅಂತ. ಅದರ ಮೇಲೆ ತಿಳಿಯಾಗದ ಜೇಡಿ ಬಣ್ಣವನ್ನು ಹೀರ್ಕೊಳ್ಳುತ್ತದೆ, ಕೆಮ್ಮಣ್ಣಿನ ಕಂದು ಬಣ್ಣ ನೇರಳೆಗೆ ಸೇರುತ್ತದೆ. ಬಾವಿ ನೀರಿನ ಸಮಸ್ಯೆಯೂ ಇಲ್ಲಿದೆ: ಮಣ್ಣಿನ ಆಮ್ಲತೆಯ ದೊಡ್ಡ ಪಾಲು ಕಣಗಳಿಗೆ ಅಂಟಿಕೊಂಡಿರುತ್ತದೆ, ಮೇಲಿನ ತಿಳಿ ನೀರಲ್ಲಿ ಇರೋದು ಸ್ವಲ್ಪವೇ.

ಒಂದು ವೇಳೆ ಪಿಎಚ್ ಸರಿಯಾಗೇ ಗೊತ್ತಾಯ್ತು ಅನ್ನಿ, 5.2. ಆಗಲೂ ಎಷ್ಟು ಸುಣ್ಣ ಅಂತ ಗೊತ್ತಾಗಲ್ಲ. ಮರಳು ಮಣ್ಣೂ 5.2 ಇರಬಹುದು, ಜೇಡಿ ಮಣ್ಣೂ 5.2 ಇರಬಹುದು. ಜೇಡಿಯಲ್ಲಿ ಅಡಗಿ ಕೂತ ಆಮ್ಲ ಜಾಸ್ತಿ, ಅದಕ್ಕೆ ಸುಣ್ಣವೂ ಜಾಸ್ತಿ ಬೇಕು. ಅದಕ್ಕೇ ಲ್ಯಾಬಲ್ಲಿ ಮಣ್ಣಿಗೆ ಒಂದು ಗೊತ್ತಾದ ಬಫರ್ ದ್ರಾವಣ ಕಲಸಿ, ಮಣ್ಣು ಅದರ ಪಿಎಚ್ಚನ್ನು ಎಷ್ಟು ಕೆಳಗಿಳಿಸಿತು ಅಂತ ನೋಡಿ ಸುಣ್ಣದ ಲೆಕ್ಕ ಹಾಕ್ತಾರೆ. 2015ರಿಂದ ಕೊಡ್ತಿರೋ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪಿಎಚ್ ಒಂದು ಸಾಲು. ಮನೆಯಲ್ಲಿ ಆ ಕಾರ್ಡ್ ಇದ್ದರೆ ಕೋಸಿನ ಲೋಟಕ್ಕಿಂತ ಅದನ್ನು ನಂಬಿ.

ಇಷ್ಟೆಲ್ಲ ಹೇಳಿದ ಮೇಲೆ ಕೋಸು ಬೇಡವೇ ಬೇಡ ಅಂತಲ್ಲ. ಲೋಹ ಇಲ್ಲದ, ಸ್ವಂತ ಬಣ್ಣ ಇಲ್ಲದ, ಬಫರ್ ಶಕ್ತಿ ಇರೋ ದ್ರಾವಣಗಳಲ್ಲಿ – ನಿಂಬೆರಸ, ವಿನೆಗರ್, ಸೋಡಾ, ಸೋಪಿನ ನೀರು, ಸುಣ್ಣದ ತಿಳಿ – ಯಾವುದು ಯಾವುದಕ್ಕಿಂತ ಹೆಚ್ಚು ಆಮ್ಲ ಅನ್ನೋ ಸಾಲನ್ನು ಅದು ತಪ್ಪದೆ ಜೋಡಿಸಿಕೊಡುತ್ತದೆ. ಮುರುಗಲು ಶರಬತ್ತು ಆ ಸಾಲಿಗೆ ಬರಲ್ಲ, ಯಾಕಂದರೆ ಅದರ ಕೆಂಪೂ ಆಂಥೋಸಯನಿನ್ನೇ. ಅದು ಪರೀಕ್ಷೆಗೆ ಬಂದ ವಸ್ತು ಅಲ್ಲ, ಇನ್ನೊಂದು ಸೂಚಕ. ಅದಕ್ಕೆ ಕೋಸಿನ ರಸದ ಬದಲು ಚಿಟಿಕೆ ಸೋಡಾ ಹಾಕಿ ನೋಡಿ.

ನಮ್ಮ ಕಾಲೇಜಿನಿಂದ ಹಳ್ಳಿ ಶಾಲೆಗಳಿಗೆ ಪ್ರಯೋಗ ತೋರಿಸೋಕೆ ಹೋಗೋ ತಂಡಗಳಿಗೆ ನಮ್ಮ ಬೇಡಿಕೆ ಮೂರು. ಕಲರ್ ಪ್ರಿಂಟ್ ಒಯ್ಯಬೇಡಿ, ಆರು ಲೋಟ ಮಕ್ಕಳ ಕೈಯಲ್ಲೇ ಮಾಡಿಸಿ. ಸೋಡಾ ಹುರಿಯೋದಂತೂ ಅವರಿಗೆ ಖುಷಿ. ಉತ್ತರವನ್ನು ನಂಬರಲ್ಲಿ ಬರೆಸಬೇಡಿ, "ಈ ಲೋಟಕ್ಕೂ ಆ ಲೋಟಕ್ಕೂ ನಡುವೆ" ಅಂತ ಬರೆಸಿ. ಮೂರನೆಯದು, ಟೇಬಲಿನ ಕೊನೆಯಲ್ಲಿ ಬಾವಿ ನೀರಿನ ಲೋಟ ಒಂದು, ಪಟಿಕದ ಲೋಟ ಒಂದು ಇಡಿ, ಪಕ್ಕದಲ್ಲಿ ಲಿಟ್ಮಸ್ ಹಾಳೆ ಇಡಿ. ಕೋಸು ಒಂದು ಹೇಳ್ತದೆ, ಲಿಟ್ಮಸ್ ಇನ್ನೊಂದು ಹೇಳ್ತದೆ. ಯಾವುದು ಸರಿ, ಯಾಕೆ ಅಂತ ಮಕ್ಕಳು ಕೇಳೇ ಕೇಳ್ತಾರೆ. ಅಲ್ಲಿಗೆ ಒಂದು ಉಜ್ಜಿದ ಕಬ್ಬಿಣದ ಮೊಳೆಯನ್ನೂ ಸ್ವಲ್ಪ ಮೈಲುತುತ್ತದ ನೀರನ್ನೂ ಒಯ್ದಿರಿ, ಮೊಳೆಯನ್ನು ನೀವೇ ಅದ್ದಿ ತೋರಿಸಿ. ಮಲೆನಾಡಿನ ಮಗುವಾದರೆ ಮುಂದಿನ ಪಾಠ ನಿಮಗೇ ಹೇಳಿಕೊಟ್ಟೀತು.